ಮೊದಲ ಭೇಟಿಯ ಧನ್ಯವಾದ ಪತ್ರದಲ್ಲೇ ಮುಂದಿನ ದಿನಾಂಕ: ಯಾವ ರೀತಿಯಲ್ಲಿ ಕೇಳುವುದು ಒಳ್ಳೆಯದು?

ಮೊದಲ ಭೇಟಿ ಚೆನ್ನಾಗಿಯೇ ಮುಗಿದಿರುತ್ತದೆ. ಚಹಾ ಆಗಿರುತ್ತದೆ, ಕೆಲಸದ ಸ್ವರೂಪ ಅರ್ಥವಾಗಿರುತ್ತದೆ, ಏಳುವಾಗ ಅವರು "ಮತ್ತೊಮ್ಮೆ ಕೂಡೂಣ್ರಿ" ಎಂದಿರುತ್ತಾರೆ, ನಾವು "ಆಗಲಿ" ಎಂದು ಹೊರಬಿದ್ದಿರುತ್ತೇವೆ. ಯಾವ ದಿನ ಎಂದು ಇಬ್ಬರೂ ಹೇಳಿರುವುದಿಲ್ಲ. ಸಂಜೆ ಧನ್ಯವಾದದ ಇಮೇಲ್ ಬರೆಯಲು ಕುಳಿತಾಗ ತೊಡಕು ಶುರುವಾಗುತ್ತದೆ: ದಿನಾಂಕವನ್ನು ನಾವೇ ಹೇಳಬೇಕೆ, ಅವರನ್ನೇ ಕೇಳಬೇಕೆ, ಎರಡು ಮೂರು ದಿನಗಳನ್ನು ಕೊಟ್ಟು ಆರಿಸಿಕೊಳ್ಳಿ ಎನ್ನಬೇಕೆ, ಇಲ್ಲವೇ ಈಗ ಎಲ್ಲರೂ ಕಳಿಸುವ ಬುಕಿಂಗ್ ಲಿಂಕನ್ನು ಅಂಟಿಸಿಬಿಡಬೇಕೆ? ಹುಬ್ಬಳ್ಳಿ ಧಾರವಾಡದಲ್ಲಿ ಸ್ವಂತ ಕೆಲಸ ಆರಂಭಿಸಿದ ಕಿರಿಯರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಧನ್ಯವಾದದ ಭಾಗವನ್ನು ಹೇಗೋ ಬರೆದುಬಿಡುತ್ತಾರೆ, ಕೈ ನಿಲ್ಲುವುದು ದಿನಾಂಕದ ಸಾಲಿಗೆ ಬಂದಾಗ.

ನಾನು ಹುಬ್ಬಳ್ಳಿಯಲ್ಲಿದ್ದುಕೊಂಡು ಸುತ್ತಲಿನ ವ್ಯಾಪಾರಸ್ಥರಿಗೆ ದಾಸ್ತಾನು ಮತ್ತು ಬಿಲ್ಲಿಂಗ್ ತಂತ್ರಾಂಶವನ್ನು ಹೊಂದಿಸಿಕೊಡುವ ಕೆಲಸ ಮಾಡುತ್ತೇನೆ. ಈ ಬರಹದಲ್ಲಿ ನಾಲ್ಕು ದಾರಿಗಳನ್ನು ತೂಗಿ ನೋಡುವಾಗ ಒಂದೇ ಉದಾಹರಣೆಯನ್ನು ಹಿಡಿದುಕೊಂಡು ಹೋಗುತ್ತೇನೆ. ಗ್ರಾಹಕರು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯವರು. ಯಜಮಾನರು ಹಿರಿಯರು, ಮಾತು ಅವರದು, ಇಮೇಲ್ ತೆಗೆದು ನೋಡುವವರು ಅವರ ಮಗ, ಲೆಕ್ಕ ಮುನೀಮರ ಕೈಯಲ್ಲಿದೆ. ಮೊದಲ ಭೇಟಿ 2026ರ ಫೆಬ್ರುವರಿ 3, ಮಂಗಳವಾರ ನಡೆಯಿತು. ಎರಡನೆಯ ಭೇಟಿಗೆ ಮೂವರೂ ಇರಬೇಕು, ಏಕೆಂದರೆ ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಚೀಲಗಳ ಲಾಟ್ ನಂಬರುಗಳು ಪುಸ್ತಕದಿಂದ ಕಂಪ್ಯೂಟರಿಗೆ ಹೇಗೆ ಬರಬೇಕೆಂಬುದನ್ನು ಮುನೀಮರನ್ನು ಬಿಟ್ಟು ನಿರ್ಧರಿಸಲಾಗದು.

ಯಾವ ಅಳತೆಗೋಲಿನಿಂದ ತೂಗಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮೊದಲನೆಯದು, ದಿನಾಂಕ ಗೊತ್ತಾಗಲು ಎಷ್ಟು ಪತ್ರಗಳು ಓಡಾಡಬೇಕು ಎಂಬುದು. ನಮ್ಮದೊಂದು, ಅವರದೊಂದು, ಖಚಿತಪಡಿಸಿ ಮತ್ತೆ ನಮ್ಮದೊಂದು, ಹೀಗೆ ಮೂರರಲ್ಲಿ ಮುಗಿದರೆ ಉತ್ತಮ. ಐದನ್ನು ದಾಟಿತೆಂದರೆ ಯಾರಾದರೊಬ್ಬರು ನಡುವೆ ಮರೆಯುತ್ತಾರೆ. ಎರಡನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು: ಉತ್ತರವೇ ಬಾರದಿದ್ದರೆ ಏನಾಗುತ್ತದೆ? ಕೆಲವು ರೀತಿಯ ಪತ್ರಗಳಲ್ಲಿ ಮೌನಕ್ಕೆ ಒಂದು ಅರ್ಥವಿರುತ್ತದೆ, ಕೆಲವದರಲ್ಲಿ ಇರುವುದಿಲ್ಲ, ಮತ್ತು ಅರ್ಥವಿಲ್ಲದ ಮೌನದ ಮುಂದೆ ನಾವು ವಾರಗಟ್ಟಲೆ ಕಾಯುತ್ತೇವೆ. ಮೂರನೆಯದು, ಯೋಚಿಸುವ ಶ್ರಮ ಯಾರ ತಲೆಯ ಮೇಲೆ ಬೀಳುತ್ತದೆ ಮತ್ತು ಅದು ಆ ವ್ಯಕ್ತಿಯ ವಯಸ್ಸಿಗೆ, ಸ್ಥಾನಕ್ಕೆ ಒಪ್ಪುತ್ತದೆಯೇ ಎಂಬುದು. ಕೊನೆಯದು, ದಿನ ತಪ್ಪಿದರೆ ಆಗುವ ನಷ್ಟ. ವಿಡಿಯೋ ಕರೆಯಾದರೆ ಅರ್ಧ ಗಂಟೆ ಹೋಗುತ್ತದೆ, ಬ್ಯಾಡಗಿಯಾದರೆ ಹೋಗಿ ಬರುವುದರಲ್ಲಿ ನನ್ನ ಅರ್ಧ ದಿನ ಹೋಗುತ್ತದೆ.

ಮೊದಲ ದಾರಿ ಎಲ್ಲರಿಗೂ ತೋಚುವಂಥದು: "ಮುಂದಿನ ಭೇಟಿಗೆ ತಮಗೆ ಯಾವಾಗ ಅನುಕೂಲವಾಗುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿರಿ" ಎಂದು ಬರೆಯುವುದು. ಇದು ವಿನಯವಾಗಿ ಕಾಣುತ್ತದೆ, ಹಿರಿಯರಿಗೆ ದಿನ ಹೇಳಲು ನಾವು ಯಾರು ಎಂಬ ಸಂಕೋಚವೂ ತೀರುತ್ತದೆ. ಆದರೆ ಓದುವವರ ಜಾಗದಲ್ಲಿ ಕುಳಿತು ನೋಡಿರಿ. ಮಗ ಪತ್ರ ತೆರೆಯುತ್ತಾನೆ, ಉತ್ತರಿಸಬೇಕಾದರೆ ತಂದೆಯನ್ನು ಕೇಳಬೇಕು, ಮುನೀಮರನ್ನು ಕೇಳಬೇಕು, ಇಡೀ ತಿಂಗಳಲ್ಲಿ ಖಾಲಿ ಇರುವ ದಿನವನ್ನು ಹುಡುಕಬೇಕು, ಆ ದಿನ ನಮಗೆ ಆಗುತ್ತದೋ ಇಲ್ಲವೋ ಎಂಬುದು ಗೊತ್ತಿಲ್ಲದೆ ಬರೆಯಬೇಕು. ಆದ್ದರಿಂದ "ಆಮೇಲೆ ನೋಡೋಣ" ಎಂದು ಬದಿಗಿಡುತ್ತಾನೆ. ಅನುಕೂಲವನ್ನು ಕೇಳಿ ನಾವು ಮರ್ಯಾದೆ ಕೊಟ್ಟೆವೆಂದುಕೊಂಡಿರುತ್ತೇವೆ, ನಿಜವಾಗಿ ಕೊಟ್ಟದ್ದು ಕೆಲಸ. ಮೌನಕ್ಕೂ ಇಲ್ಲಿ ಅರ್ಥವಿಲ್ಲ: ಆಸಕ್ತಿ ಇಲ್ಲವೋ, ಪತ್ರವನ್ನೇ ನೋಡಿಲ್ಲವೋ, ದಿನ ಹುಡುಕುತ್ತಿದ್ದಾರೋ ಎಂಬುದು ತಿಳಿಯುವುದಿಲ್ಲ.

ಇದರಲ್ಲಿ ಇನ್ನೊಂದು ಅಪಾಯವೂ ಇದೆ. ಕೆಲವು ವರ್ಷಗಳ ಹಿಂದೆ ಗದಗಿನ ಮುದ್ರಣಾಲಯವೊಂದರ ಮಾಲೀಕರಿಗೆ ಹೀಗೆಯೇ ಬರೆದಿದ್ದೆ. ಮರುದಿನ ಅವರಿಂದ ಒಂದೇ ಸಾಲಿನ ಉತ್ತರ ಬಂತು: "11ಕ್ಕೆ ಬರ್ರಿ." ಅಂದು ತಾರೀಖು 7. ನಾನು ಹನ್ನೊಂದನೆಯ ತಾರೀಖೆಂದು ತಿಳಿದು ನೆಮ್ಮದಿಯಾಗಿದ್ದೆ, ಅವರು ಮಾರನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಇಬ್ಬರು ಕೆಲಸಗಾರರನ್ನು ಕೂಡಿಸಿಕೊಂಡು ಕಾಯ್ದಿದ್ದರು. ನಮ್ಮ ಭಾಷೆಯಲ್ಲಿ "ಹನ್ನೊಂದಕ್ಕೆ" ಎಂಬುದು ತಾರೀಖೂ ಹೌದು, ಗಂಟೆಯೂ ಹೌದು. ತಪ್ಪು ಅವರದಲ್ಲ, ಉತ್ತರದ ಅಚ್ಚನ್ನು ಕೊಡದೆ ಬಯಲಿನಂಥ ಪ್ರಶ್ನೆ ಕೇಳಿದ ನನ್ನದು. ನಾವು "ಮಂಗಳವಾರ, ಫೆಬ್ರುವರಿ 10, ಬೆಳಿಗ್ಗೆ 11 ಗಂಟೆ" ಎಂದು ಬರೆದರೆ ಎದುರಿನವರು "ಮಂಗಳವಾರ ಆಗತದ" ಎಂದು ಎರಡು ಪದ ಬರೆದರೂ ಗೊಂದಲವಿರುವುದಿಲ್ಲ.

ಹಾಗೆಂದು ಬಯಲು ಪ್ರಶ್ನೆಗೆ ಜಾಗವೇ ಇಲ್ಲವೆಂದಲ್ಲ. ಧಾರವಾಡದ ಕಾಲೇಜು, ಟ್ರಸ್ಟು, ಸರ್ಕಾರಿ ಕಚೇರಿಗಳಂಥ ಕಡೆ ನಮ್ಮೊಡನೆ ಮಾತಾಡಿದವರ ಕೈಯಲ್ಲಿ ದಿನಾಂಕ ಇರುವುದಿಲ್ಲ, ಸಮಿತಿಯೋ ಮೇಲಧಿಕಾರಿಯೋ ಹೇಳಬೇಕು. ಅಲ್ಲಿ ನಾವು ದಿನ ಸೂಚಿಸಿದರೆ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದಂತಾಗುತ್ತದೆ. ಆಗಲೂ "ಯಾವಾಗ ಅನುಕೂಲ" ಎನ್ನುವ ಬದಲು "ದಿನಾಂಕ ಯಾವಾಗ ಗೊತ್ತಾಗಬಹುದು, ನಾನು ಯಾವ ದಿನ ವಿಚಾರಿಸಲಿ" ಎಂದು ಕೇಳುವುದು ಒಳ್ಳೆಯದು. ಆ ಪ್ರಶ್ನೆಗೆ ಅವರೊಬ್ಬರೇ ಉತ್ತರಿಸಬಲ್ಲರು.

ಎರಡನೆಯ ದಾರಿ ಒಂದೇ ದಿನಾಂಕವನ್ನು ಹೇಳುವುದು: "ಫೆಬ್ರುವರಿ 10, ಮಂಗಳವಾರ ಬೆಳಿಗ್ಗೆ 11 ಗಂಟೆಗೆ ತಮ್ಮ ಅಂಗಡಿಗೆ ಬರುತ್ತೇನೆ, ಬೇರೆ ದಿನ ಬೇಕಿದ್ದರೆ ತಿಳಿಸಿರಿ." ಇಲ್ಲಿ ಎಲ್ಲವೂ ಒಂದು ಸಂಗತಿಯ ಮೇಲೆ ನಿಂತಿದೆ. ಭೇಟಿಯ ಕೊನೆಯಲ್ಲಿ ಈ ದಿನವನ್ನು ಬಾಯಿಮಾತಿನಲ್ಲಾದರೂ ಆಡಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಪತ್ರ ಆಗ ದಿನವನ್ನು ಕೇಳುವುದಿಲ್ಲ, ಆಡಿದ ಮಾತನ್ನು ಬರೆದಿಡುತ್ತದೆ, ಮೌನವೆಂದರೆ ಒಪ್ಪಿಗೆಯೆಂದೇ ಇಬ್ಬರೂ ತಿಳಿಯುತ್ತಾರೆ, ಒಂದೇ ಪತ್ರದಲ್ಲಿ ಕೆಲಸ ಮುಗಿಯುತ್ತದೆ. ದಿನದ ಮಾತೇ ಆಗದಿದ್ದರೆ ಇದೇ ಸಾಲು ಹಿರಿಯರಿಗೆ ಅಪ್ಪಣೆಯಂತೆ ಕೇಳಿಸುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಅವರು ಪತ್ರ ನೋಡದೆ ಸುಮ್ಮನಿದ್ದುದನ್ನು ಒಪ್ಪಿಗೆಯೆಂದುಕೊಂಡು ನಾವು ಹೊರಟುಬಿಡುವುದು. ಹೇಳದ ದಿನಕ್ಕೆ ಮೌನ ಒಪ್ಪಿಗೆಯಾಗುವುದಿಲ್ಲ ಎಂಬುದನ್ನು ಬೀಗ ಹಾಕಿದ ಬಾಗಿಲ ಮುಂದೆ ನಿಂತೇ ನಾನು ಕಲಿತದ್ದು.

ಆದ್ದರಿಂದ ಈಗ ಎದ್ದು ಹೊರಡುವ ಮುನ್ನ ಒಂದು ಮಾತು ಆಡಿಯೇ ಬರುತ್ತೇನೆ: "ಮುಂದಿನ ವಾರ ಸಂತಿ ದಿನ ಬಿಟ್ಟು ಯಾವುದರೆ ದಿನ ಬರಲೇನ್ರಿ?" ಇದಕ್ಕೆ "ಬರ್ರಿ" ಎಂಬ ಉತ್ತರ ಸಿಕ್ಕರೂ ಸಾಕು. ವಾರ ಗೊತ್ತಾಯಿತು, ದಿನವನ್ನು ಮಾತ್ರ ಪತ್ರ ಗೊತ್ತುಮಾಡಬೇಕು. ಬ್ಯಾಡಗಿಯಲ್ಲಿ ನನಗೆ ಸಿಕ್ಕದ್ದು ಇಷ್ಟೇ.

ಹೀಗೆ ಅರ್ಧ ಗೊತ್ತಾಗಿ ಅರ್ಧ ಉಳಿದ ಸಂದರ್ಭಕ್ಕೆ ಮೂರನೆಯ ದಾರಿ ಹೊಂದುತ್ತದೆ. ಎರಡು ಸಮಯಗಳನ್ನು ಪೂರ್ಣವಾಗಿ ಬರೆದು, ಯಾವುದು ಸರಿಹೊಂದುತ್ತದೆ ಎಂದು ಕೇಳಿ, ಆ ಎರಡನ್ನೂ ಯಾವ ದಿನದವರೆಗೆ ಖಾಲಿ ಇಟ್ಟಿರುತ್ತೇವೆ ಎಂದು ಹೇಳುವುದು. ಮೂರು ಕೊಡಬಹುದು, ಅದಕ್ಕಿಂತ ಹೆಚ್ಚು ಕೊಟ್ಟರೆ ಬಯಲು ಪ್ರಶ್ನೆಯ ದೋಷಗಳೆಲ್ಲ ಹಿಂದಿರುಗಿ ಬರುತ್ತವೆ. ಓದುವವರ ಕೆಲಸ "ತಿಂಗಳಲ್ಲಿ ದಿನ ಹುಡುಕು" ಎಂಬುದರಿಂದ "ಇದೋ ಅದೋ" ಎಂಬುದಕ್ಕೆ ಇಳಿಯುತ್ತದೆ, ಮಗನು ಅಂಗಡಿಯಲ್ಲಿ ನಿಂತಲ್ಲಿಂದಲೇ ತಂದೆಯನ್ನು ಕೂಗಿ ಕೇಳಬಹುದು. ಖಾಲಿ ಇಡುವ ಗಡುವು ಮೌನಕ್ಕೆ ಅರ್ಥ ಕೊಡುತ್ತದೆ: ಶುಕ್ರವಾರ ಸಂಜೆಯ ತನಕ ಉತ್ತರ ಬಾರದಿದ್ದರೆ ಎರಡೂ ಬಿಡುಗಡೆಯಾದವು, ಶನಿವಾರ ನಾನು ಫೋನ್ ಮಾಡಬಹುದು, ಮಾಡಿದರೆ ಅದು ಬೆನ್ನು ಹತ್ತಿದಂತೆ ಕಾಣುವುದಿಲ್ಲ, ಏಕೆಂದರೆ ಮೊದಲೇ ಹೇಳಿದ ಮಾತಿನಂತೆ ನಡೆದುಕೊಂಡದ್ದಾಗುತ್ತದೆ.

ಕಷ್ಟವಿರುವುದು ಆ ಎರಡು ಸಮಯಗಳನ್ನು ಆರಿಸುವುದರಲ್ಲಿ, ಇದಕ್ಕೆ ನಮ್ಮ ದಿನಚರಿಗಿಂತ ಅವರ ಪಂಚಾಂಗ ಗೊತ್ತಿರಬೇಕು. ಬ್ಯಾಡಗಿ ಮಾರುಕಟ್ಟೆಯಲ್ಲಿ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ, ಹಂಗಾಮಿನಲ್ಲಿ ಆ ದಿನಗಳಂದು ದಲಾಲಿ ಅಂಗಡಿಯವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಹೀಗಾಗಿ 9, 12 ಮತ್ತು 16ನೆಯ ತಾರೀಖುಗಳು ಹೋದವು. 15, ರವಿವಾರ ಮಹಾಶಿವರಾತ್ರಿ. ಮರುದಿನ ಹುಬ್ಬಳ್ಳಿಯಲ್ಲಿ ಸಿದ್ಧಾರೂಢ ಮಠದ ತೇರು, ಅಂದು ಹಳೇ ಹುಬ್ಬಳ್ಳಿಯ ಕಡೆಯಿಂದ ಹೊರಬೀಳುವುದೇ ಒಂದು ಸಾಹಸ. 17, ಮಂಗಳವಾರ ಅಮಾವಾಸ್ಯೆ, ಅಂಗಡಿಯಲ್ಲಿ ಪೂಜೆ ಇರುತ್ತದೆ, ಹೊಸ ಕೆಲಸದ ಮಾತನ್ನು ಹಿರಿಯರು ಅಂದು ಎತ್ತಲಾರರು. 13, ಶುಕ್ರವಾರ ಖಾಲಿ ಇದ್ದರೂ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ನಾವು ನಂಬುತ್ತೇವೋ ಇಲ್ಲವೋ ಎಂಬುದು ಇಲ್ಲಿ ವಿಷಯವಲ್ಲ, ಆ ಹೊತ್ತಿಗೆ ಕರೆದರೆ ಯಜಮಾನರು ಕಾರಣ ಹೇಳದೆ ಬೇರೆ ದಿನ ಕೇಳುತ್ತಾರೆ, ಒಂದು ಸುತ್ತು ಪತ್ರ ವ್ಯರ್ಥವಾಗುತ್ತದೆ. ಇವನ್ನೆಲ್ಲ ಕಳೆದು ನಾನು 10, ಮಂಗಳವಾರ ಬೆಳಿಗ್ಗೆ ಮತ್ತು 11, ಬುಧವಾರ ಸಂಜೆಯನ್ನು ಆರಿಸಿದೆ. ಬಹಳ ಜಾಣತನದ ಕೆಲಸ ಮಾಡಿದೆನೆಂದೇ ಅಂದುಕೊಂಡಿದ್ದೆ, ಅದರ ಫಲವನ್ನು ಕೊನೆಯಲ್ಲಿ ಹೇಳುತ್ತೇನೆ.

ಪತ್ರವನ್ನು ಭೇಟಿಯಾದ ದಿನವೇ ಸಂಜೆ ಕಳಿಸಿದೆ. ಮಗನ ವಿಳಾಸಕ್ಕೂ ಒಂದು ಪ್ರತಿ ಹೋಯಿತು. ಅದು ಹೀಗಿತ್ತು:

> ವಿಷಯ: ಧನ್ಯವಾದಗಳು, ಮುಂದಿನ ಭೇಟಿ ಫೆ. 10 ಅಥವಾ 11
>
> ಮಾನ್ಯರೆ, ನಮಸ್ಕಾರಗಳು.
>
> ಇಂದು ಕೆಲಸದ ನಡುವೆಯೂ ಒಂದೂವರೆ ತಾಸು ಬಿಡುವು ಮಾಡಿಕೊಂಡು ಮಾತಾಡಿದ್ದಕ್ಕೆ ಧನ್ಯವಾದಗಳು. ಕೋಲ್ಡ್ ಸ್ಟೋರೇಜಿನ ಲಾಟ್ ಚೀಟಿಯನ್ನೂ ಖಾತೆ ಪುಸ್ತಕವನ್ನೂ ಜೊತೆಗಿಟ್ಟು ತೋರಿಸಿದ್ದರಿಂದ, ಒಂದೇ ಲಾಟಿನ ಚೀಲಗಳು ಎರಡು ಮೂರು ಬಾರಿ ಹೊರಬಂದಾಗ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದು ನನಗೆ ಸ್ಪಷ್ಟವಾಯಿತು.
>
> ತಾವು ಹೇಳಿದಂತೆ ಮುಂದಿನ ವಾರ ಇನ್ನೊಮ್ಮೆ ಬರುತ್ತೇನೆ. ಮಾರುಕಟ್ಟೆಯ ದಿನಗಳನ್ನು ಬಿಟ್ಟು ಎರಡು ಸಮಯಗಳನ್ನು ಇಟ್ಟುಕೊಂಡಿದ್ದೇನೆ:
>
> ಮಂಗಳವಾರ, ಫೆಬ್ರುವರಿ 10, ಬೆಳಿಗ್ಗೆ 11 ಗಂಟೆ
> ಬುಧವಾರ, ಫೆಬ್ರುವರಿ 11, ಸಂಜೆ 4 ಗಂಟೆ
>
> ಎರಡರಲ್ಲಿ ಯಾವುದು ಸರಿಹೊಂದುತ್ತದೆ ಎಂಬುದನ್ನು ತಿಳಿಸಿದರೆ ಸಾಕು. ತಮ್ಮ ಅಂಗಡಿಗೇ ಬರುತ್ತೇನೆ, ಒಂದು ತಾಸು ಬೇಕಾಗಬಹುದು, ಮುನೀಮರೂ ಇದ್ದರೆ ಅನುಕೂಲ. ಶುಕ್ರವಾರ ಸಂಜೆಯವರೆಗೆ ಎರಡನ್ನೂ ಖಾಲಿ ಇಟ್ಟಿರುತ್ತೇನೆ. ಎರಡೂ ಆಗದಿದ್ದರೆ ಶನಿವಾರ ನಾನೇ ಫೋನ್ ಮಾಡಿ ಬೇರೆ ದಿನ ಗೊತ್ತುಮಾಡಿಕೊಳ್ಳುತ್ತೇನೆ.
>
> ವಂದನೆಗಳೊಡನೆ,

ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಿರಿ. ಧನ್ಯವಾದ ಒಂದೇ ಒಂದು ವಸ್ತುವನ್ನು ಹಿಡಿದಿದೆ. ಆ ಲಾಟ್ ಚೀಟಿಯ ಅಂಚಿನಲ್ಲಿ ಮೆಣಸಿನಕಾಯಿಯ ಕೆಂಪು ಹತ್ತಿದ ಬೆರಳಚ್ಚಿತ್ತು, ಯಜಮಾನರು ಅದನ್ನು ನನ್ನ ಕೈಗಿಟ್ಟು "ಇಲ್ಲೇ ನೋಡ್ರಿ ತಪ್ಪೂದು" ಎಂದಿದ್ದರು. ಪತ್ರದಲ್ಲಿ ಆ ಚೀಟಿಯ ಹೆಸರು ಬಂದಾಗ ನಾನು ಕೇಳಿಸಿಕೊಂಡಿದ್ದೇನೆಂಬುದು ಅವರಿಗೆ ತಿಳಿಯುತ್ತದೆ. "ತಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದಗಳು" ಎಂಬ ಸಾಲು ಯಾರಿಗೆ ಬೇಕಾದರೂ ಹೋಗಬಹುದಾದದ್ದರಿಂದ ಯಾರಿಗೂ ತಾಗುವುದಿಲ್ಲ. ಎರಡನೆಯದಾಗಿ, ಎರಡು ಸಮಯಗಳು ತಮ್ಮದೇ ಸಾಲುಗಳಲ್ಲಿ ನಿಂತಿವೆ, ವಾರ, ತಾರೀಖು, ಹೊತ್ತು, ಗಂಟೆ ನಾಲ್ಕೂ ಇವೆ. ವಾರ ಮತ್ತು ತಾರೀಖನ್ನು ಒಟ್ಟಿಗೆ ಬರೆಯುವುದರಿಂದ ನಾವೇ ತಪ್ಪು ಮಾಡಿದ್ದರೂ ಓದಿದವರು ಹಿಡಿದುಬಿಡುತ್ತಾರೆ. "ಮುಂದಿನ ಮಂಗಳವಾರ" ಎಂದಷ್ಟೇ ಬರೆದರೆ ರವಿವಾರ ಓದಿದವರಿಗೆ ಅದು ನಾಡಿದ್ದೋ, ಅದರಾಚೆಯ ವಾರವೋ ಎಂಬುದು ಸಂದೇಹವಾಗಿಯೇ ಉಳಿಯುತ್ತದೆ.

ಧನ್ಯವಾದವನ್ನು ಒಂದು ಪತ್ರದಲ್ಲಿಯೂ ದಿನಾಂಕವನ್ನು ಇನ್ನೊಂದರಲ್ಲಿಯೂ ಕಳಿಸಬಾರದೇ ಎಂದು ಕೆಲವರು ಕೇಳುತ್ತಾರೆ. ಮೊದಲನೆಯದು ಶುದ್ಧ ಕೃತಜ್ಞತೆಯಾಗಿ ಉಳಿಯುತ್ತದೆ ಎಂಬುದು ಅವರ ವಾದ. ಆದರೆ ಆ ಪತ್ರಕ್ಕೆ ಉತ್ತರಿಸಲು ಏನೂ ಇರುವುದಿಲ್ಲ, ಎರಡನೆಯದು ಬರುವ ಹೊತ್ತಿಗೆ ಭೇಟಿಯ ಬಿಸಿ ಆರಿರುತ್ತದೆ. ಭೇಟಿಯಲ್ಲಿ ಏನಾದರೂ ಕಹಿಯಾಗಿದ್ದು ಮೊದಲು ಅದನ್ನು ಸರಿಪಡಿಸಬೇಕಿದ್ದರೆ ಮಾತ್ರ ನಾನು ಬಿಡಿಸಿ ಕಳಿಸುತ್ತೇನೆ.

ನಾಲ್ಕನೆಯ ದಾರಿ ಬುಕಿಂಗ್ ಲಿಂಕು. ಗೂಗಲ್ ಕ್ಯಾಲೆಂಡರಿನಲ್ಲಿ ನಮ್ಮ ಖಾಲಿ ಹೊತ್ತುಗಳನ್ನು ಗುರುತಿಸಿ ಒಂದು ಪುಟ ಮಾಡಬಹುದು, ಕ್ಯಾಲೆಂಡ್ಲಿಯಂಥ ಸೇವೆಗಳೂ ಇವೆ, ಎರಡರಲ್ಲೂ ಒಂದು ಬಗೆಯ ಭೇಟಿಗೆ ಸಾಕಾಗುವಷ್ಟು ಸೌಲಭ್ಯ ಹಣ ಕೊಡದೆಯೇ ಸಿಗುತ್ತದೆ. ಪತ್ರಗಳ ಲೆಕ್ಕದಲ್ಲಿ ಇದನ್ನು ಮೀರಿಸುವಂಥದಿಲ್ಲ: ಅವರು ಒತ್ತಿದರೆ ಮುಗಿಯಿತು, ಇಬ್ಬರ ಕ್ಯಾಲೆಂಡರಿಗೂ ಸೇರಿತು, ಒಂದೇ ಹೊತ್ತನ್ನು ಇಬ್ಬರು ಗ್ರಾಹಕರಿಗೆ ಕೊಟ್ಟುಬಿಡುವ ತಪ್ಪೂ ಆಗುವುದಿಲ್ಲ. ವಾರಕ್ಕೆ ಹತ್ತು ಹೊಸ ಭೇಟಿಗಳಿರುವವರಿಗೆ, ಬೆಂಗಳೂರಿನ ಕಂಪನಿಗಳೊಡನೆ ವಿಡಿಯೋ ಕರೆಯಲ್ಲೇ ಕೆಲಸ ಮುಗಿಸುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ.

ಆದರೆ ಬ್ಯಾಡಗಿಯ ಅಂಗಡಿಗೆ ಇದು ಒಗ್ಗುವುದಿಲ್ಲ. ಲಿಂಕು ಒಬ್ಬರು ಕುಳಿತು ಆರಿಸುವ ವ್ಯವಸ್ಥೆ, ಇಲ್ಲಿ ಮೂವರು ಒಪ್ಪಬೇಕು. ಮಗ ಲಿಂಕು ತೆರೆದು, ತಿಂಗಳ ಚಿತ್ರ ನೋಡಿ, ದಿನ ಒತ್ತಿ, ಹೊತ್ತು ಒತ್ತಿ, ಹೆಸರು ಮತ್ತು ಇಮೇಲ್ ವಿಳಾಸ ತುಂಬಬೇಕು, ನಮ್ಮ ಬಳಿ ಆಗಲೇ ಇರುವ ಅದೇ ವಿಳಾಸವನ್ನು. ಮೊದಲ ಭೇಟಿಯಲ್ಲಿ ಚಹಾ ತರಿಸಿಕೊಟ್ಟ ಹಿರಿಯರಿಗೆ "ಇಲ್ಲಿ ಒತ್ತಿ ನಿಮ್ಮ ಸರದಿ ಹಿಡಿದುಕೊಳ್ಳಿ" ಎಂದಂತಾಗುತ್ತದೆ, ಡಾಕ್ಟರರ ಕ್ಲಿನಿಕ್ಕಿನ ಚೀಟಿಯ ಹಾಗೆ. ಇನ್ನೊಂದು ಸೂಕ್ಷ್ಮವೂ ಇದೆ: ಹೊಸದಾಗಿ ಕೆಲಸ ಶುರುಮಾಡಿದವರ ಪುಟದಲ್ಲಿ ಇಡೀ ತಿಂಗಳು ಖಾಲಿ ಕಾಣುತ್ತದೆ, ನೋಡಿದವರು ತಮ್ಮದೇ ಲೆಕ್ಕ ಹಾಕಿಕೊಳ್ಳುತ್ತಾರೆ. ಲಿಂಕನ್ನೇ ಬಳಸುವುದಾದರೆ ಗ್ರಾಹಕರ ಊರಿಗೆ ಹೋಗಿ ಬರುವ ಸಮಯವನ್ನು ಭೇಟಿಯ ಹಿಂದೆ ಮುಂದೆ ಬಿಡುವಾಗಿ ಸೇರಿಸಿರಿ, ಕನಿಷ್ಠ ಒಂದು ದಿನದ ಮುನ್ಸೂಚನೆ ಬೇಕೆಂದು ಹೊಂದಿಸಿರಿ. ಇಲ್ಲದಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಎದ್ದು ನೋಡುವಾಗ ಹತ್ತಕ್ಕೆ ಹಾವೇರಿಯಲ್ಲಿ ನಿಮ್ಮ ಭೇಟಿ ನಿಗದಿಯಾಗಿರುತ್ತದೆ.

ಕ್ಯಾಲೆಂಡರ್ ಆಹ್ವಾನವನ್ನು ನಾನು ಐದನೆಯ ದಾರಿಯೆಂದು ಎಣಿಸುವುದಿಲ್ಲ. ದಿನ ಗೊತ್ತಾದ ಮೇಲೆ ಅದನ್ನು ಕಟ್ಟಿಹಾಕುವ ಗಂಟು ಅದು. ಗೊತ್ತಾಗುವ ಮೊದಲೇ ಕಳಿಸಿದರೆ, ಕೇಳದೆಯೇ ಇನ್ನೊಬ್ಬರ ದಿನಚರಿಯಲ್ಲಿ ಬರೆದಂತಾಗುತ್ತದೆ. ಗೊತ್ತಾದ ಮೇಲೆ ಕಳಿಸುವಾಗ ಅದರ ಹೆಸರನ್ನು ಗ್ರಾಹಕರ ಕಣ್ಣಿನಿಂದ ಬರೆಯಬೇಕು. ನಾನು "ಬ್ಯಾಡಗಿ ದಲಾಲಿ ಅಂಗಡಿ" ಎಂದಿಟ್ಟರೆ ಅವರ ಫೋನಿನಲ್ಲಿ ಅವರದೇ ಅಂಗಡಿಯ ಹೆಸರು ಕಾಣುತ್ತದೆ, ಯಾರು ಬರುತ್ತಾರೆ, ಏಕೆ ಬರುತ್ತಾರೆ ಎಂಬುದು ತಿಳಿಯುವುದಿಲ್ಲ. "ದಾಸ್ತಾನು ತಂತ್ರಾಂಶ: ಎರಡನೆಯ ಭೇಟಿ" ಎಂದಿರಬೇಕು. ಗೂಗಲ್ ಕ್ಯಾಲೆಂಡರಿನಲ್ಲಿ ನಾವು ಬದಲಿಸದಿದ್ದರೆ ನೆನಪೋಲೆ ಅರ್ಧ ಗಂಟೆ ಮೊದಲು ಬರುತ್ತದೆ. ಹುಬ್ಬಳ್ಳಿಯಿಂದ ಬ್ಯಾಡಗಿಗೆ ಹೋಗಬೇಕಾದವನಿಗೆ ಅದು ಉಪಯೋಗಕ್ಕೆ ಬಾರದು, ಹಿಂದಿನ ಸಂಜೆಗೆ ಬದಲಿಸಿಕೊಳ್ಳಬೇಕು.

ಆಹ್ವಾನ ಅನಿವಾರ್ಯವಾಗುವ ಸಂದರ್ಭ ಒಂದಿದೆ, ವಿದೇಶದ ಗ್ರಾಹಕರದು. ಧಾರವಾಡದಲ್ಲಿ ಕುಳಿತು ನ್ಯೂಯಾರ್ಕಿನವರಿಗೆ ವಿನ್ಯಾಸ ಮಾಡಿಕೊಡುವವರು ಫೆಬ್ರುವರಿಯಲ್ಲಿ "ನಮ್ಮ ಸಂಜೆ ಏಳೂವರೆ, ನಿಮ್ಮ ಬೆಳಿಗ್ಗೆ ಒಂಬತ್ತು" ಎಂದು ಬರೆದು ಅದೇ ಹೊತ್ತನ್ನು ಮಾರ್ಚ್ ಮಧ್ಯದ ಭೇಟಿಗೂ ಮುಂದುವರಿಸಿದರೆ ತಪ್ಪುತ್ತದೆ, ಏಕೆಂದರೆ ಅಲ್ಲಿ ಮಾರ್ಚ್ ತಿಂಗಳ ಎರಡನೆಯ ರವಿವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. 2026ರಲ್ಲಿ ಅದು ಮಾರ್ಚ್ 8. ಅಂದಿನಿಂದ ನಮ್ಮ ಏಳೂವರೆ ಅವರ ಹತ್ತು ಗಂಟೆ. ಆಹ್ವಾನ ಇದನ್ನು ತಾನೇ ಲೆಕ್ಕ ಹಾಕಿ ಅವರವರ ಹೊತ್ತನ್ನು ಅವರವರಿಗೆ ತೋರಿಸುತ್ತದೆ. ಅಲ್ಲಿಯವರಿಗೆ 10/02 ಎಂದು ಅಂಕಿಗಳಲ್ಲಿ ಬರೆಯುವುದೂ ಬೇಡ, ಅವರು ಅದನ್ನು ಅಕ್ಟೋಬರ್ 2 ಎಂದು ಓದುತ್ತಾರೆ. ತಿಂಗಳ ಹೆಸರನ್ನು ಅಕ್ಷರದಲ್ಲಿಯೇ ಬರೆಯಿರಿ.

ಇನ್ನು ಯಾರಿಗೆ ಯಾವುದು? ಭೇಟಿಯಲ್ಲೇ ದಿನ ಆಡಿದ್ದರೆ ಒಂದೇ ದಿನಾಂಕವನ್ನು ಬರೆದು ಮುಗಿಸಿರಿ, ಆಯ್ಕೆ ಕೊಟ್ಟರೆ ಆಡಿದ ಮಾತನ್ನು ಸಡಿಲಿಸಿದಂತೆ. ದಿನ ಆಡಿಲ್ಲ, ನಾವೇ ಪ್ರಯಾಣ ಮಾಡಬೇಕು, ಎದುರಿಗೆ ಒಬ್ಬರಿಗಿಂತ ಹೆಚ್ಚು ಜನರಿದ್ದಾರೆ ಎಂದಾದರೆ ಎರಡು ಸಮಯ ಮತ್ತು ಒಂದು ಗಡುವು. ಎದುರಿನವರು ಒಬ್ಬರೇ, ದಿನವಿಡೀ ಕಂಪ್ಯೂಟರಿನ ಮುಂದಿರುವವರು, ಭೇಟಿ ಪರದೆಯ ಮೇಲೆ ಎಂದಾದರೆ ಲಿಂಕು ಕೊಡಬಹುದು, ಆದರೆ ಲಿಂಕಿನ ಮೇಲೊಂದು ಸಮಯವನ್ನು ಮಾತಿನಲ್ಲಿ ಬರೆದು "ಇದು ಆಗದಿದ್ದರೆ ಇಲ್ಲಿ ಆರಿಸಿಕೊಳ್ಳಬಹುದು" ಎಂದರೆ ಒರಟುತನ ಹೋಗುತ್ತದೆ. ದಿನಾಂಕ ಮೇಲಿನವರ ಕೈಯಲ್ಲಿದ್ದರೆ ಬಯಲು ಪ್ರಶ್ನೆ, ಮೊದಲು ಹೇಳಿದ ತಿದ್ದುಪಡಿಯೊಡನೆ. ಇಮೇಲನ್ನೇ ವಾರಕ್ಕೊಮ್ಮೆ ನೋಡುವ ಗ್ರಾಹಕರಿಗೆ ಪತ್ರ ಕಳಿಸಿ, "ಇಮೇಲ್ ಹಾಕೀನ್ರಿ, ಎರಡು ದಿನ ಬರದೀನಿ, ಒಮ್ಮೆ ನೋಡ್ರಿ" ಎಂದು ವಾಟ್ಸಾಪಿನಲ್ಲಿ ತಿಳಿಸಿದರೆ ಸಾಕು. ಉತ್ತರ ಎಲ್ಲಿಂದ ಬಂದರೂ ಖಚಿತಪಡಿಸುವ ಸಾಲನ್ನು ಮಾತ್ರ ಅದೇ ಇಮೇಲಿಗೆ ಉತ್ತರವಾಗಿ ಬರೆಯಿರಿ, ಮುಂದೆ ಹುಡುಕುವಾಗ ಎಲ್ಲ ಒಂದೇ ಕಡೆ ಇರುತ್ತದೆ.

ಬ್ಯಾಡಗಿಯ ಉತ್ತರ ಬುಧವಾರ ಮಧ್ಯಾಹ್ನ ಬಂತು. ಮಗ ಬರೆದದ್ದು: "ಸರ್, ಎರಡೂ ದಿನ ಮುನೀಮರು ಸಿಗೂದಿಲ್ಲ. 11ಕ್ಕೆ ಜಿಎಸ್‌ಟಿ ರಿಟರ್ನ್ ಐತಿ." ಈ 11 ತಾರೀಖೆಂಬುದರಲ್ಲಿ ಈ ಸಲ ಸಂದೇಹವಿರಲಿಲ್ಲ. ತಿಂಗಳು ತಿಂಗಳು ಸಲ್ಲಿಸುವವರಿಗೆ ಮಾರಾಟದ ವಿವರದ ಜಿಎಸ್‌ಟಿಆರ್-1 ಕೊಡಲು ಮುಂದಿನ ತಿಂಗಳ 11 ಕಡೆಯ ದಿನ. ಸಂತೆ, ತೇರು, ಅಮಾವಾಸ್ಯೆ, ರಾಹುಕಾಲಗಳನ್ನೆಲ್ಲ ನೋಡಿದ್ದ ನಾನು, ಬಿಲ್ಲಿಂಗ್ ತಂತ್ರಾಂಶವನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡಿದ್ದರೂ, ಅದೊಂದನ್ನು ಮರೆತಿದ್ದೆ. ಮರೆವಿಗಿಂತ ದೊಡ್ಡ ದೋಷ ಆಯ್ಕೆಯಲ್ಲಿಯೇ ಇತ್ತು: ಎರಡು ಸಮಯಗಳನ್ನು ಬೆನ್ನುಬೆನ್ನಿಗೆ ಇಟ್ಟಿದ್ದರಿಂದ ಒಂದನ್ನು ಕೆಡಿಸಿದ ಕಾರಣವೇ ಇನ್ನೊಂದನ್ನೂ ಕೆಡಿಸಿತು. ಹೆಸರಿಗೆ ಎರಡಿದ್ದರೂ ನಾನು ಕೊಟ್ಟದ್ದು ಒಂದೇ ದಿನ. 10, ಮಂಗಳವಾರ ಬೆಳಿಗ್ಗೆ ಮತ್ತು 13, ಶುಕ್ರವಾರ ಮಧ್ಯಾಹ್ನ 3 ಗಂಟೆ ಎಂದು ಬರೆದಿದ್ದರೆ ಮೊದಲ ಪತ್ರದಲ್ಲೇ ಮುಗಿಯುತ್ತಿತ್ತು. ಈಗ ಎರಡು ಸಮಯ ಕೊಡುವಾಗ ನಡುವೆ ಎರಡು ದಿನವಾದರೂ ಬಿಡುತ್ತೇನೆ, ಒಂದು ಬೆಳಿಗ್ಗೆಯದಾದರೆ ಇನ್ನೊಂದನ್ನು ಮಧ್ಯಾಹ್ನದ ಮೇಲಿಡುತ್ತೇನೆ.

ಅದೇ ಇಮೇಲಿಗೆ ಉತ್ತರವಾಗಿ ನಾನು ಬರೆದದ್ದು ಮೂರು ಸಾಲು. "ತಿಳಿಸಿದ್ದಕ್ಕೆ ಧನ್ಯವಾದಗಳು, ರಿಟರ್ನ್ ದಿನ ನನ್ನ ಗಮನದಲ್ಲಿರಬೇಕಿತ್ತು. ಹಾಗಾದರೆ ಶುಕ್ರವಾರ, ಫೆಬ್ರುವರಿ 13, ಮಧ್ಯಾಹ್ನ 3 ಗಂಟೆಗೆ ತಮ್ಮ ಅಂಗಡಿಗೆ ಬರಲೇ? ಮುನೀಮರನ್ನು ಒಮ್ಮೆ ಕೇಳಿ 'ಹೌದು' ಎಂದಷ್ಟೇ ಬರೆದರೆ ಸಾಕು." ಈ ಎರಡನೆಯ ಪತ್ರದಲ್ಲಿ ಆಯ್ಕೆ ಕೊಡಲಿಲ್ಲ. ಅವರ ಅಡಚಣೆ ಏನೆಂಬುದು ತಿಳಿದಿತ್ತು, ವಾರವೂ ಅದೇ, ಒಂದೇ ದಿನ ಸಾಕಿತ್ತು. ಹತ್ತು ನಿಮಿಷದಲ್ಲಿ "ಹೌದು ಸರ್, ಬರ್ರಿ" ಎಂದು ಬಂತು. ನಾನು ಕ್ಯಾಲೆಂಡರ್ ಆಹ್ವಾನವನ್ನು ಇಬ್ಬರಿಗೂ ಕಳಿಸಿ, ನೆನಪೋಲೆಯನ್ನು ಗುರುವಾರ ಸಂಜೆಗೆ ಇಟ್ಟುಕೊಂಡೆ.